ಕೇಸ್ ಇಂಟರ್ವ್ಯೂನಲ್ಲಿ ಮಾರುಕಟ್ಟೆ ಲೆಕ್ಕ ಬಾಯಿಬಿಟ್ಟು ಹೇಳುವುದು ಹೇಗೆ: ಬೆಂಗಳೂರಿನ ನೀರಿನ ಕ್ಯಾನ್ ಇಟ್ಟುಕೊಂಡು ಹಂತ ಹಂತವಾಗಿ

ಅನಲಿಸ್ಟ್ ಅಥವಾ ಕನ್ಸಲ್ಟಿಂಗ್ ಕೆಲಸಕ್ಕೆ ಕೇಸ್ ಇಂಟರ್ವ್ಯೂ, ಅಂದರೆ ಒಂದು ವ್ಯಾಪಾರದ ಪ್ರಶ್ನೆ ಕೊಟ್ಟು ಅಲ್ಲೇ ಬಿಡಿಸಲು ಹೇಳುವ ಇಂಟರ್ವ್ಯೂ, ಕೊಟ್ಟು ಬಂದವರ ದೂರು ಹೆಚ್ಚುಕಮ್ಮಿ ಒಂದೇ. "ಉತ್ತರ ಹತ್ತಿರ ಹತ್ತಿರ ಸರಿಯೇ ಇತ್ತು, ಆದರೂ ಮುಂದಿನ ಸುತ್ತಿಗೆ ಕರೆಯಲಿಲ್ಲ." ಏನು ಹೇಳಿದಿರಿ ಅಂತ ಕೇಳಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಲೆಕ್ಕ ಪೂರ್ತಿ ಹಾಳೆಯ ಮೇಲೆ ನಡೆದಿರುತ್ತದೆ. ಎದುರಿಗೆ ಕೂತವರಿಗೆ ಕೇಳಿಸಿರುವುದು ಒಂದಷ್ಟು ಅಂಕಿ, ನಡುವೆ ಮೌನ, ಕೊನೆಗೆ ಒಂದು ಮೊತ್ತ.

ಒಂದು ಮಾರುಕಟ್ಟೆ ಎಷ್ಟು ದೊಡ್ಡದು ಅನ್ನುವ ಪ್ರಶ್ನೆಗೆ ಸರಿಯುತ್ತರ ಎದುರಿನವರ ಬಳಿಯೂ ಇರುವುದಿಲ್ಲ. ಅವರು ನೋಡುವುದು ನೀವು ಲೆಕ್ಕ ಕಟ್ಟಿದ ದಾರಿಯನ್ನು. ಹಾಗಾಗಿ ಇಲ್ಲಿ ಒಂದೇ ಪ್ರಶ್ನೆ ತೆಗೆದುಕೊಂಡು, ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ಪೂರ್ತಿ ನಡೆಸಿ ತೋರಿಸುತ್ತೇನೆ. ಪ್ರಶ್ನೆ ಇದು: "ಬೆಂಗಳೂರಿನಲ್ಲಿ 20 ಲೀಟರ್ ನೀರಿನ ಕ್ಯಾನ್‌ಗಳ ಮಾರುಕಟ್ಟೆ ಎಷ್ಟು ದೊಡ್ಡದು?"

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಬಿಳಿ ಹಾಳೆ, ಒಂದು ಪೆನ್ನು, ಅಷ್ಟೇ. ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಎಡಗಡೆ ಲೆಕ್ಕದ ಚೌಕಟ್ಟು, ಬಲಗಡೆ ಗುಣಾಕಾರ ಭಾಗಾಕಾರ. ಎರಡೂ ಕಲಸಿಹೋದರೆ ನಡುವೆ ಯಾರಾದರೂ "ಆ 8 ಲಕ್ಷ ಎಲ್ಲಿಂದ ಬಂತು?" ಅಂದಾಗ ನೀವೇ ಹುಡುಕಬೇಕಾಗುತ್ತದೆ.

ತಲೆಯಲ್ಲಿ ಎರಡು ಮೂರು ಅಂಕಿ ಸಾಕು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹಾಗಾಗಿ ಈಗಿನ ಸಂಖ್ಯೆ ಎಲ್ಲರಿಗೂ ಅಂದಾಜೇ. 1.4 ಕೋಟಿ ಅಂತ ಹಿಡಿದರೆ ಯಾರೂ ಜಗಳ ಮಾಡುವುದಿಲ್ಲ. ಒಂದು ಮನೆಗೆ 3.5 ಜನ, ಅಂದರೆ 40 ಲಕ್ಷ ಮನೆ. ದುಡಿಯುವವರು ಜನಸಂಖ್ಯೆಯ 45% ಆಸುಪಾಸು.

ಇನ್ನೊಂದು ಮಾತು. ಇಂಟರ್ವ್ಯೂ ನಡೆಯುವುದು ಇಂಗ್ಲಿಷ್‌ನಲ್ಲೇ, ಆದರೆ ಮೊದಲ ಅಭ್ಯಾಸ ಕನ್ನಡದಲ್ಲಿ ಮಾಡಿ. ಮನೆಯಲ್ಲಿ ಅಕ್ಕನಿಗೋ ರೂಮ್‌ಮೇಟ್‌ಗೋ ಹೇಳಿ ನೋಡಿ. ಅವರಿಗೆ ಅರ್ಥ ಆಗದಿದ್ದರೆ ತೊಡಕು ಭಾಷೆಯಲ್ಲಿಲ್ಲ, ಲೆಕ್ಕದ ಕ್ರಮದಲ್ಲಿದೆ. ಅದನ್ನು ಸರಿಮಾಡಿಕೊಂಡ ಮೇಲೆ ಇಂಗ್ಲಿಷ್‌ಗೆ ಹೋಗಿ.

## ಹಂತ 1: ಗಡಿ ಹಾಕಿಕೊಳ್ಳಿ

ಪ್ರಶ್ನೆ ಕೇಳಿದ ತಕ್ಷಣ ಜನಸಂಖ್ಯೆಗೆ ಹಾರಬೇಡಿ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅಂತ ಮೊದಲು ತೀರ್ಮಾನ ಆಗಲಿ. ಹಾಗಂತ ಹತ್ತು ಪ್ರಶ್ನೆ ಕೇಳಿ ತಲೆ ತಿನ್ನಬಾರದು. ಒಂದು ಪ್ರಶ್ನೆ ಕೇಳಬೇಕೋ ಬೇಡವೋ ಅನ್ನುವುದಕ್ಕೆ ಪರೀಕ್ಷೆ ಸುಲಭ: ಅದರ ಉತ್ತರ ಬದಲಾದರೆ ನಿಮ್ಮ ಮೊತ್ತ ಬದಲಾಗುತ್ತಾ? ಆಗುವುದಿಲ್ಲ ಅಂದರೆ ಕೇಳಬೇಡಿ.

ನಮ್ಮ ಪ್ರಶ್ನೆಯಲ್ಲಿ ಅಂಥವು ಎರಡಿವೆ. ಮೊದಲನೆಯದು, ಕ್ಯಾನ್‌ಗಳ ಸಂಖ್ಯೆ ಬೇಕಾ, ರೂಪಾಯಿ ಬೇಕಾ? ಎರಡನೆಯದು ಇನ್ನೂ ಮುಖ್ಯ. ಬಡಾವಣೆಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ, ಅಲ್ಲೂ ಜನ ಇದೇ 20 ಲೀಟರ್ ಕ್ಯಾನ್ ತಂದು ತುಂಬಿಸಿಕೊಳ್ಳುತ್ತಾರೆ. ಅದನ್ನು ಸೇರಿಸಬೇಕಾ? ಅಲ್ಲಿ ಕ್ಯಾನ್‌ಗೆ 5 ಅಥವಾ 10 ರೂಪಾಯಿ, ಮನೆಗೆ ಬರುವ ಕ್ಯಾನ್‌ಗೆ 40ರ ಆಸುಪಾಸು. ಎರಡನ್ನೂ ಕಲಸಿದರೆ ಸರಾಸರಿ ಬೆಲೆ ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಬಾಯಲ್ಲಿ ಹೀಗೆ ಬರಲಿ: "ನಾನು ಮನೆಗೆ ಅಥವಾ ಆಫೀಸಿಗೆ ತಂದುಕೊಡುವ, ಸೀಲ್ ಮಾಡಿದ 20 ಲೀಟರ್ ಕ್ಯಾನ್ ಮಾತ್ರ ಹಿಡಿಯುತ್ತೇನೆ. ನಾಣ್ಯದ ಘಟಕ ಬಿಡುತ್ತೇನೆ. ಗ್ರಾಹಕರು ವರ್ಷಕ್ಕೆ ಕೊಡುವ ಹಣ ಎಷ್ಟು ಅಂತ ಲೆಕ್ಕ, ಡೆಪಾಸಿಟ್ ಸೇರಿಸುವುದಿಲ್ಲ. ಸರಿನಾ ಸರ್?" ಪ್ರಶ್ನೆ ಕೇಳುವುದಕ್ಕಿಂತ ಹೀಗೆ ತೀರ್ಮಾನ ಹೇಳಿ ಒಪ್ಪಿಗೆ ಕೇಳುವುದು ಚೆನ್ನ. ಸಮಯವೂ ಉಳಿಯುತ್ತದೆ, ನಿಮಗೆ ವಿಷಯ ಗೊತ್ತಿದೆ ಅಂತಲೂ ತೋರುತ್ತದೆ.

ಇದಾದ ಮೇಲೆ "ಒಂದು ನಿಮಿಷ ಕೊಡಿ, ಚೌಕಟ್ಟು ಹಾಕಿಕೊಳ್ಳುತ್ತೇನೆ" ಅಂತ ಹೇಳಿ ಸುಮ್ಮನೆ ಬರೆಯಿರಿ. ಕೇಳಿ ಪಡೆದ ಮೌನಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೇಳದೆ ಕೇಳದೆ ಮೌನವಾದರೆ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಅನ್ನಿಸುತ್ತದೆ.

## ಹಂತ 2: ಅಂಕಿ ಇಲ್ಲದೆ ಸೂತ್ರ ಹೇಳಿ

ಜಾಸ್ತಿ ಜನ ಎಡವುವುದು ಇಲ್ಲೇ. "ಬೆಂಗಳೂರಿನಲ್ಲಿ 1.4 ಕೋಟಿ ಜನ ಇದ್ದಾರೆ..." ಅಂತ ಶುರು ಮಾಡಿದರೆ ಕೇಳುವವರಿಗೆ ಇದು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಿರುವುದಿಲ್ಲ. ಪ್ರತಿ ಅಂಕಿಯನ್ನೂ ನೆನಪಿಟ್ಟುಕೊಳ್ಳುವ ಕೆಲಸ ಅವರ ಮೇಲೆ ಬೀಳುತ್ತದೆ. ಮೊದಲು ಸೂತ್ರ ಹೇಳಿಬಿಟ್ಟರೆ ಅವರ ಹಾಳೆಯಲ್ಲೂ ಅದೇ ಚೌಕಟ್ಟು ಬರುತ್ತದೆ, ಅಂಕಿ ಬಂದಾಗ ತುಂಬಿಕೊಳ್ಳುತ್ತಾರೆ.

"ಎರಡು ಭಾಗ ಮಾಡುತ್ತೇನೆ: ಮನೆ ಮತ್ತು ಕೆಲಸದ ಜಾಗ. ಮನೆಗಳಿಗೆ, ಕ್ಯಾನ್ ತರಿಸುವ ಮನೆಗಳು ಗುಣಿಸು ವರ್ಷಕ್ಕೆ ಎಷ್ಟು ಕ್ಯಾನ್ ಗುಣಿಸು ಬೆಲೆ. ಕೆಲಸದ ಜಾಗಕ್ಕೆ, ಅಲ್ಲಿ ಕ್ಯಾನ್ ನೀರು ಕುಡಿಯುವ ಜನ ಗುಣಿಸು ದಿನಕ್ಕೆ ಎಷ್ಟು ಲೀಟರ್, ಅದನ್ನು ಕ್ಯಾನ್ ಮತ್ತು ರೂಪಾಯಿಗೆ ತಿರುಗಿಸುತ್ತೇನೆ. ಮನೆಯ ಭಾಗ ದೊಡ್ಡದಿರಬಹುದು, ಅಲ್ಲಿಂದ ಶುರು ಮಾಡಲಾ?"

ಹಾಳೆಯ ಎಡಗಡೆ ಇಷ್ಟು ಇದ್ದರೆ ಸಾಕು:

```
ಒಟ್ಟು = ಮನೆ + ಕೆಲಸದ ಜಾಗ
ಮನೆ = ಕ್ಯಾನ್ ಮನೆಗಳು × ವರ್ಷಕ್ಕೆ ಕ್ಯಾನ್ × ₹
ಕೆಲಸ = ಜನ × ಲೀಟರ್/ದಿನ ÷ 20 × ದಿನ × ₹
```

ಇದನ್ನು ಅವರ ಕಡೆ ತಿರುಗಿಸಿ ತೋರಿಸಿ. ವೀಡಿಯೊ ಕಾಲ್ ಆಗಿದ್ದರೆ ಹಾಳೆ ಕಾಣುವುದಿಲ್ಲ. ಆಗ ಈ ಹಂತದಲ್ಲಿ ಇನ್ನೂ ನಿಧಾನವಾಗಿ ಮಾತಾಡಿ. ಅವರು ತಲೆಯಾಡಿಸುವವರೆಗೆ ಒಂದೂ ಅಂಕಿ ಬಾಯಿಗೆ ಬರಬಾರದು.

## ಹಂತ 3: ನಡವಳಿಕೆ ಬದಲಾಗುವ ಕಡೆ ಸೀಳಿ

"ಕ್ಯಾನ್ ತರಿಸುವ ಮನೆಗಳು" ಎಷ್ಟು? 40 ಲಕ್ಷದಲ್ಲಿ 20% ಅಂತ ಗಾಳಿಯಲ್ಲಿ ಎಸೆದರೆ ಯಾಕೆ ಅಂತ ಕೇಳುತ್ತಾರೆ. ಆಗ ಕೆಲವರು ನಗರವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಸೀಳುತ್ತಾರೆ. ಇನ್ನು ಕೆಲವರು ಬಡವರು, ಮಧ್ಯಮ ವರ್ಗ, ಶ್ರೀಮಂತರು ಅಂತ. ನೋಡಲು ಅಚ್ಚುಕಟ್ಟು, ಉಪಯೋಗ ಇಲ್ಲ. ಮಲ್ಲೇಶ್ವರದ ಮನೆಗೂ ಜಯನಗರದ ಮನೆಗೂ ಕುಡಿಯುವ ನೀರಿನ ಅಭ್ಯಾಸದಲ್ಲಿ ಏನು ವ್ಯತ್ಯಾಸ ಅಂತ ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಸೀಳುವ ಮೊದಲು ಯೋಚಿಸಿ: ಯಾರು ಕ್ಯಾನ್ ತರಿಸುತ್ತಾರೆ, ಯಾರು ತರಿಸುವುದಿಲ್ಲ, ಯಾಕೆ? ಕ್ಯಾನ್‌ಗೆ ಎದುರಾಳಿ ಮನೆಯ ಪ್ಯೂರಿಫೈಯರ್. ಅದಕ್ಕೆ 12 ಸಾವಿರ ಅಂತ ಹಿಡಿಯೋಣ. ವಾರಕ್ಕೆ 3 ಕ್ಯಾನ್, 40 ರೂಪಾಯಿಯಂತೆ, ತಿಂಗಳಿಗೆ ಸುಮಾರು 500. ಅಂದರೆ ಪ್ಯೂರಿಫೈಯರ್‌ಗೆ ಹಾಕಿದ ದುಡ್ಡು ವಾಪಸ್ ಬರಲು ಎರಡು ವರ್ಷ ಬೇಕು. ಸ್ವಂತ ಮನೆಯವರಿಗೆ ಅದು ಲಾಭವೇ. 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡು, ಮುಂದಿನ ವರ್ಷ ಇದೇ ಮನೆಯಲ್ಲಿ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಬಾಡಿಗೆದಾರರು ಯಾಕೆ ಗೋಡೆಗೆ ಮೊಳೆ ಹೊಡೆಸಿ ಅದನ್ನು ತೂಗುಹಾಕುತ್ತಾರೆ? ಸೀಳಬೇಕಾದ ಗೆರೆ ಇದು: ಬಾಡಿಗೆ ಮನೆ, ಸ್ವಂತ ಮನೆ.

ಹೇಳುವ ಕ್ರಮ: ಮೊದಲು ಕಾರಣ, ಆಮೇಲೆ ಅಂಕಿ, ಆಮೇಲೆ ಗುಣಾಕಾರ. "ಬಾಡಿಗೆದಾರರು ಪ್ಯೂರಿಫೈಯರ್‌ಗೆ ದುಡ್ಡು ಹಾಕುವುದು ಕಡಿಮೆ. ಆದರೆ ಅವರಲ್ಲೂ ಕಾವೇರಿ ನೀರು ಕಾಯಿಸಿ ಕುಡಿಯುವವರು, ನಾಣ್ಯದ ಘಟಕಕ್ಕೆ ಹೋಗುವವರು ಬಹಳ. ಹಾಗಾಗಿ 30% ಹಿಡಿಯುತ್ತೇನೆ. ಸ್ವಂತ ಮನೆಯಲ್ಲಿ 10%. ಎರಡೂ ಬಗೆಯ ಮನೆ ಅರ್ಧರ್ಧ, 20 ಲಕ್ಷ ಒಂದೊಂದು. ಅಂದರೆ 6 ಲಕ್ಷ ಮತ್ತು 2 ಲಕ್ಷ, ಒಟ್ಟು 8 ಲಕ್ಷ ಮನೆ."

ಮೊತ್ತ ಅದೇ 20% ಆಯಿತು, ಅಲ್ವಾ? ಆದರೆ ಈಗ ಅದಕ್ಕೆ ಕಾಲಿದೆ. ಎದುರಿನವರು 30% ಒಪ್ಪದೆ 40% ಅಂದರೂ ನಿಮ್ಮ ಚೌಕಟ್ಟು ಬೀಳುವುದಿಲ್ಲ, ಒಂದು ಅಂಕಿ ಬದಲಾಗುತ್ತದೆ ಅಷ್ಟೇ.

ಒಂದು ಎಚ್ಚರಿಕೆ. ಸೀಳಿದ ಎರಡೂ ಕಡೆ ಒಂದೇ ಶೇಕಡಾ ಹಾಕುತ್ತಿದ್ದೀರಿ ಅಂದರೆ ಆ ಗೆರೆ ಬೇಕಿರಲಿಲ್ಲ. ಅಳಿಸಿ. ಮೂರನೇ ಮಟ್ಟಕ್ಕೂ ಸೀಳಲು ಹೊರಟರೆ ನಿಲ್ಲಿಸಿ. ಬಾಯಲ್ಲಿ ಹೇಳುವ ಲೆಕ್ಕ ಎರಡು ಮಟ್ಟಕ್ಕಿಂತ ಆಳ ಹೋದರೆ ಕೇಳುವವರ ಕೈಗೆ ಸಿಗುವುದಿಲ್ಲ.

## ಹಂತ 4: ಗುಣಾಕಾರ ಜೋರಾಗಿ ಮಾಡಿ

ಒಂದು ಮನೆ ವಾರಕ್ಕೆ ಎಷ್ಟು ಕ್ಯಾನ್? ಇದನ್ನೂ ಲೀಟರ್‌ನಿಂದ ಕಟ್ಟಿ. ಒಬ್ಬರು ಮನೆಯಲ್ಲಿದ್ದಾಗ ದಿನಕ್ಕೆ ಒಂದೂವರೆ ಲೀಟರ್ ಕುಡಿದರೆ ಮೂರೂವರೆ ಜನಕ್ಕೆ 5 ಲೀಟರ್ ಚಿಲ್ಲರೆ. ಅನ್ನ, ಸಾರು, ಕಾಫಿಗೆ ಇನ್ನು 3 ಲೀಟರ್. ದಿನಕ್ಕೆ 8, ವಾರಕ್ಕೆ 56, ಹೆಚ್ಚುಕಮ್ಮಿ 3 ಕ್ಯಾನ್. ವರ್ಷಕ್ಕೆ 156, ಸುಲಭಕ್ಕೆ 150.

"8 ಲಕ್ಷ ಮನೆ, 150 ಕ್ಯಾನ್: 1,200 ಲಕ್ಷ, ಅಂದರೆ 12 ಕೋಟಿ ಕ್ಯಾನ್. 40 ರೂಪಾಯಿಯಂತೆ 480 ಕೋಟಿ."

ಸೊನ್ನೆ ತಪ್ಪುವುದು ಇಲ್ಲಿ. ಲಕ್ಷವನ್ನು ಲಕ್ಷವಾಗಿಯೇ ಇಟ್ಟುಕೊಂಡು ಮುಂದಿನ ಅಂಕಿ ಮಾತ್ರ ಗುಣಿಸಿ. ನೂರು ಲಕ್ಷ ಆದಾಗೆಲ್ಲ ಒಂದು ಕೋಟಿ. 8,00,000 ಅಂತ ಬರೆದು ಗುಣಿಸಲು ಹೋದರೆ ಒಂದು ಸೊನ್ನೆ ಎಲ್ಲೋ ಜಾರುತ್ತದೆ. ಇನ್ನು, ಲಕ್ಷ ಕೋಟಿಯಲ್ಲಿ ಶುರು ಮಾಡಿ ನಡುವೆ ಮಿಲಿಯನ್‌ಗೆ ಹಾರಬೇಡಿ. ಎದುರಿನವರಿಗೆ ಮಿಲಿಯನ್ ಬೇಕಿದ್ದರೆ ಕೊನೆಯ ಮೊತ್ತವನ್ನು ಒಂದೇ ಸಲ ತಿರುಗಿಸಿ.

ಅಂಕಿಯನ್ನು ದುಂಡಗೆ ಮಾಡಿದಾಗ ಯಾವ ಕಡೆಗೆ ಮಾಡಿದಿರಿ ಅಂತಲೂ ಹೇಳಿ. 156ನ್ನು 150 ಮಾಡಿದ್ದು ಕೆಳಕ್ಕೆ. ಎಲ್ಲವನ್ನೂ ಮೇಲಕ್ಕೇ ದುಂಡಗೆ ಮಾಡುತ್ತಾ ಹೋದರೆ ನಾಲ್ಕು ಗುಣಾಕಾರದ ಹೊತ್ತಿಗೆ ಮೊತ್ತ ಸಿಕ್ಕಾಪಟ್ಟೆ ಉಬ್ಬಿರುತ್ತದೆ.

ಕೆಲಸದ ಜಾಗವನ್ನು ಬೇಗ ಮುಗಿಸಬಹುದು. 1.4 ಕೋಟಿಯಲ್ಲಿ ದುಡಿಯುವವರು ಸುಮಾರು 60 ಲಕ್ಷ. ಅಂಗಡಿ, ಆಫೀಸು, ವರ್ಕ್‌ಶಾಪ್ ಅಂತ ಒಂದೇ ಕಡೆ ಕೂತು ಕೆಲಸ ಮಾಡುವವರು ಅರ್ಧ, 30 ಲಕ್ಷ. ದೊಡ್ಡ ಕ್ಯಾಂಪಸ್‌ಗಳಿಗೆ ತಮ್ಮದೇ ಫಿಲ್ಟರ್ ಇರುತ್ತದೆ, ಹಾಗಾಗಿ ಕ್ಯಾನ್ ನೀರು ಕುಡಿಯುವವರು 15 ಲಕ್ಷ. ತಲೆಗೆ ದಿನಕ್ಕೆ ಒಂದು ಲೀಟರ್ ಅಂದರೆ 20 ಜನಕ್ಕೆ ಒಂದು ಕ್ಯಾನ್. ದಿನಕ್ಕೆ 75 ಸಾವಿರ ಕ್ಯಾನ್, 300 ದಿನಕ್ಕೆ ಸುಮಾರು 2.25 ಕೋಟಿ. ರೂಪಾಯಿಯಲ್ಲಿ 90 ಕೋಟಿ.

"ಮನೆ 480, ಕೆಲಸದ ಜಾಗ 90. ಒಟ್ಟು ಸುಮಾರು 570 ಕೋಟಿ." ಹೀಗೆ ಭಾಗದ ಹೆಸರು ಹೇಳಿ ಕೂಡಿ. ಬರೀ 570 ಅಂದರೆ ಅದು ಎಲ್ಲಿಂದ ಬಂತು ಅಂತ ಅವರು ಹಿಂದಕ್ಕೆ ಹೋಗಬೇಕಾಗುತ್ತದೆ.

## ಹಂತ 5: ಬೇರೆ ದಾರಿಯಿಂದ ತಾಳೆ ನೋಡಿ

ಮೊತ್ತ ಹೇಳಿ ಪೆನ್ನು ಕೆಳಗಿಟ್ಟವರೇ ಹೆಚ್ಚು. ಇನ್ನು ತಾಳೆ ನೋಡುವವರಲ್ಲೂ ಅರ್ಧ ಜನ ತಾಳೆ ನೋಡಿರುವುದೇ ಇಲ್ಲ. ಉದಾಹರಣೆಗೆ, ಮನೆ ಮತ್ತು ಕೆಲಸದ ಜಾಗ ಸೇರಿ ವರ್ಷಕ್ಕೆ 14.25 ಕೋಟಿ ಕ್ಯಾನ್, ದಿನಕ್ಕೆ ಸುಮಾರು 4 ಲಕ್ಷ ಕ್ಯಾನ್, ಅಂದರೆ 80 ಲಕ್ಷ ಲೀಟರ್, ತಲೆಗೆ ಅರ್ಧ ಲೀಟರ್ ಚಿಲ್ಲರೆ, ಸರಿ ಅನ್ನಿಸುತ್ತಿದೆ ಅಂತಾರೆ. ಸರಿ ಅನ್ನಿಸದೆ ಇನ್ನೇನು? ಶುರುವಿನಲ್ಲಿ ಹಾಕಿದ ಶೇಕಡಾ ಮತ್ತು ಲೀಟರ್‌ಗಳೇ ತಿರುಗಿ ಬಂದಿವೆ. ಮೊದಲ ಲೆಕ್ಕ ತಪ್ಪಿದ್ದರೆ ಇದೂ ಅದೇ ತಪ್ಪನ್ನು ಹೇಳುತ್ತದೆ.

ಬೇರೆ ಕಡೆಯಿಂದ ಬನ್ನಿ. ಕುಡಿಯುವವರ ಕಡೆಯಿಂದ ಲೆಕ್ಕ ಮಾಡಿದ್ದೀರಿ, ಈಗ ತಂದುಕೊಡುವವರ ಕಡೆಯಿಂದ ಮಾಡಿ. ಕ್ಯಾನ್ ಹೇರಿಕೊಂಡು ಬರುವ ಸಣ್ಣ ಗೂಡ್ಸ್ ಗಾಡಿಯನ್ನು ನೋಡಿದ್ದೀರಲ್ಲ. ಟಾಟಾ ಏಸ್ ಥರದ್ದು ಹೊರುವ ಭಾರ ಮುಕ್ಕಾಲು ಟನ್ ಆಸುಪಾಸು. ತುಂಬಿದ ಕ್ಯಾನ್ ಒಂದಕ್ಕೆ 20 ಕಿಲೋಗಿಂತ ಸ್ವಲ್ಪ ಜಾಸ್ತಿ. ಅಂದರೆ ಒಂದು ಟ್ರಿಪ್ಪಿಗೆ 35 ಕ್ಯಾನ್. ಇಲ್ಲಿ "ಒಂದು ಗಾಡಿಯಲ್ಲಿ 100 ಕ್ಯಾನ್" ಅನ್ನುವವರಿದ್ದಾರೆ. ಅದು ಎರಡು ಟನ್ ಆಗುತ್ತದೆ, ಗಾಡಿ ಕೂತುಬಿಡುತ್ತದೆ. ತೂಕ ಯೋಚಿಸಿದರೆ ಇಂಥ ಅಂಕಿ ಬಾಯಿಗೆ ಬರುವುದಿಲ್ಲ.

ದಿನಕ್ಕೆ 5 ಟ್ರಿಪ್ ಅಂದರೆ ಗಾಡಿಗೆ 175 ಕ್ಯಾನ್. 4 ಲಕ್ಷ ಕ್ಯಾನ್ ಸಾಗಿಸಲು ಸುಮಾರು 2,300 ಗಾಡಿ ಬೇಕು. ಬಿಬಿಎಂಪಿಯ ಹಳೆಯ 198 ವಾರ್ಡ್‌ಗೆ ಹಂಚಿದರೆ ವಾರ್ಡಿಗೆ 11ರಿಂದ 12. ಈಗ ನಿಮ್ಮ ಏರಿಯಾ ನೆನಪಿಸಿಕೊಳ್ಳಿ. ವಾರ್ಡಿಗೆ ಹತ್ತು ಹನ್ನೆರಡು ನೀರಿನ ಗಾಡಿ ನಂಬುವಂಥದ್ದೇ. ವಾರ್ಡಿಗೆ 100 ಬಂದಿದ್ದರೆ ಬೀದಿ ಬೀದಿಯಲ್ಲೂ ಗಾಡಿ ಅಡ್ಡ ಬರಬೇಕಿತ್ತು. ಒಂದೇ ಬಂದಿದ್ದರೆ ಕ್ಯಾನ್‌ಗೆ ಫೋನ್ ಮಾಡಿದ ಮಧ್ಯಾಹ್ನವೇ ಅದು ಬಾಗಿಲಿಗೆ ಬರುತ್ತಿರಲಿಲ್ಲ. ಈ ಕೊನೆಯ ಮಾತನ್ನೂ ಇಂಟರ್ವ್ಯೂನಲ್ಲಿ ಹೇಳಿ. ಯಾವ ಉತ್ತರ ಬಂದಿದ್ದರೆ ನಿಮ್ಮ ಲೆಕ್ಕ ಸುಳ್ಳಾಗುತ್ತಿತ್ತು ಅಂತ ಗೊತ್ತಿದ್ದರೆ ಮಾತ್ರ ಅದು ತಾಳೆ.

ಈ ತಾಳೆ ಹತ್ತು ಪಟ್ಟು ತಪ್ಪನ್ನು ಹಿಡಿಯುತ್ತದೆ, ಎರಡು ಪಟ್ಟು ತಪ್ಪನ್ನು ಹಿಡಿಯುವುದಿಲ್ಲ. ಹಾಗಾಗಿ "ನನ್ನ ಉತ್ತರ ಪಕ್ಕಾ ಆಯಿತು" ಅನ್ನಬೇಡಿ. "ಮಟ್ಟ ಸರಿ ಇದೆ" ಅನ್ನಿ.

## ಹಂತ 6: ಅಲ್ಲಾಡುವ ಅಂಕಿಯನ್ನು ನೀವೇ ತೋರಿಸಿ

ಎಲ್ಲ ಅಂಕಿಗಳೂ ಸಮಾನವಾಗಿ ಅಂದಾಜಲ್ಲ. 3.5 ಜನವೋ 3.8 ಜನವೋ, ಮೊತ್ತ ಅಷ್ಟೇನೂ ಕದಲುವುದಿಲ್ಲ. ಆದರೆ ಆ 20% ಇದೆಯಲ್ಲ, ಅದು 15 ಆದರೆ ಮನೆಯ ಭಾಗ 360 ಕೋಟಿಗೆ ಇಳಿಯುತ್ತದೆ, 30 ಆದರೆ 720ಕ್ಕೆ ಏರುತ್ತದೆ. ಒಟ್ಟು ಮೊತ್ತ 450ರಿಂದ 810 ಕೋಟಿ.

"ನನಗೆ ಕಡಿಮೆ ನಂಬಿಕೆ ಇರುವುದು ಕ್ಯಾನ್ ಮನೆಗಳ ಶೇಕಡಾ ಮೇಲೆ. ಒಂದು ದಿನ ಸಿಕ್ಕರೆ ನಾಲ್ಕೈದು ಬಾಡಿಗೆ ಬಿಲ್ಡಿಂಗ್‌ಗಳ ವಾಚ್‌ಮನ್ ಹತ್ತಿರ ಎಷ್ಟು ಫ್ಲಾಟ್‌ಗೆ ಕ್ಯಾನ್ ಹೋಗುತ್ತೆ ಅಂತ ಕೇಳಿ ಇದನ್ನು ಸರಿಮಾಡುತ್ತೇನೆ." ಇಷ್ಟೇ ಸಾಕು. ಎಲ್ಲ ಅಂಕಿಗಳ ಮೇಲೂ ಅನುಮಾನ ಹೇಳುತ್ತಾ ಕೂತರೆ ಲೆಕ್ಕವೇ ಕುಸಿದಂತೆ ಕಾಣುತ್ತದೆ. ಒಂದೇ ಒಂದನ್ನು ಆರಿಸಿ.

## ಹಂತ 7: ನಡುವೆ ಬಾಯಿ ಹಾಕಿದರೆ

ನಮ್ಮ ಲೆಕ್ಕದಲ್ಲಿ ಪಿಜಿಗಳು ಬಂದಿಲ್ಲ. ಬೆಂಗಳೂರಿನಲ್ಲಿ ಯಾರಾದರೂ ಅದನ್ನು ಕೇಳಿಯೇ ಕೇಳುತ್ತಾರೆ: "ಪಿಜಿ ಎಲ್ಲಿ?" ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಗಾಬರಿಯಾಗಿ ಮೊದಲಿನಿಂದ ಲೆಕ್ಕ ಶುರು ಮಾಡುವುದು. ಇನ್ನೊಂದು, "ಅದು ಮನೆಯಲ್ಲೇ ಬಂತು" ಅಂತ ವಾದಕ್ಕೆ ಇಳಿಯುವುದು.

ಮಾಡಬೇಕಾದದ್ದು ಇದು. ಅದು ಮೊತ್ತವನ್ನು ಎಷ್ಟು ಅಲ್ಲಾಡಿಸುತ್ತದೆ ಅಂತ ಒಂದೇ ಸಾಲಿನಲ್ಲಿ ನೋಡಿ. "5 ಲಕ್ಷ ಜನ ಪಿಜಿಯಲ್ಲಿದ್ದಾರೆ ಅಂತ ಹಿಡಿಯುತ್ತೇನೆ. ಅರ್ಧ ಪಿಜಿಗಳಲ್ಲಿ ಕ್ಯಾನ್. ಎರಡೂವರೆ ಲಕ್ಷ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಅಂದರೆ ಸುಮಾರು 19 ಸಾವಿರ ಕ್ಯಾನ್, ವರ್ಷಕ್ಕೆ 70 ಲಕ್ಷ. 28 ಕೋಟಿ. ಮೊತ್ತ 570ರಿಂದ ಸುಮಾರು 600 ಆಗುತ್ತದೆ. ಇದೇ ಜನ 40 ಲಕ್ಷ ಮನೆಯ ಲೆಕ್ಕದಲ್ಲೂ ಸ್ವಲ್ಪ ಸೇರಿದ್ದಾರೆ, ಆದರೆ ಅದನ್ನು ಕಳೆದರೂ ಚಿತ್ರ ಬದಲಾಗುವುದಿಲ್ಲ." ಅವರ ಮಾತಿಗೆ ಬೆಲೆಯೂ ಕೊಟ್ಟಿರಿ, ನಿಮ್ಮ ಚೌಕಟ್ಟನ್ನೂ ಬಿಡಲಿಲ್ಲ.

ಎದುರಿನವರ ಸುಳಿವುಗಳನ್ನು ಓದುವುದು ಕಷ್ಟವೇನಲ್ಲ. "40 ರೂಪಾಯಿ ಖಂಡಿತನಾ?" ಅಂತ ಕೇಳಿದರೆ ಹೆಚ್ಚಿನ ಸಲ ಅದು ಸಹಾಯ, ಜಗಳ ಅಲ್ಲ. ದೊಡ್ಡ ಬ್ರಾಂಡಿನ ಕ್ಯಾನ್‌ಗೆ ಇದರ ಎರಡು ಪಟ್ಟು ಬೆಲೆ ಇರುವುದು ಅವರಿಗೆ ಹೊಳೆದಿರಬಹುದು. "ಜಾಸ್ತಿ ಹೋಗುವುದು ಲೋಕಲ್ ಕ್ಯಾನ್ ಅಂತ 40 ಹಿಡಿದೆ, ಬ್ರಾಂಡ್ ಪಾಲು ದೊಡ್ಡದು ಅಂತ ನಿಮಗೆ ಅನ್ನಿಸಿದರೆ 50ಕ್ಕೆ ಏರಿಸುತ್ತೇನೆ" ಅನ್ನಿ. ಅವರು "ಅದನ್ನು ಇನ್ನೊಮ್ಮೆ ಹೇಳಿ" ಅಂತ ಎರಡು ಸಲ ಕೇಳಿದರೆ ನೀವು ವೇಗವಾಗಿ ಹೋಗುತ್ತಿದ್ದೀರಿ. ಹಾಳೆಯ ಎಡಗಡೆಯ ಸೂತ್ರಕ್ಕೆ ಬೆರಳಿಟ್ಟು, ಈಗ ಎಲ್ಲಿದ್ದೀರಿ ಅಂತ ತೋರಿಸಿ ಮುಂದಕ್ಕೆ ಹೋಗಿ. ಅವರ ಪೆನ್ನು ನಿಂತು, ನೋಟ ಕಿಟಕಿಯ ಕಡೆ ಹೋದರೆ ಕೂಡುವುದನ್ನು ಮೌನವಾಗಿ ಮಾಡುತ್ತಿದ್ದೀರಿ ಅಂತ ಅರ್ಥ, ಮತ್ತೆ ಜೋರಾಗಿ ಮಾಡಿ.

ಮೊತ್ತ ಹೇಳಿದ ಮೇಲೆ "ಹಾಗಾದರೆ ಹೊಸ ಕಂಪನಿ ಈ ವ್ಯಾಪಾರಕ್ಕೆ ಇಳಿಯಬಹುದಾ?" ಅಂತ ಕೇಳುವುದುಂಟು. ಆಗ 600 ಕೋಟಿ ದೊಡ್ಡದೋ ಚಿಕ್ಕದೋ ಅಂತ ಚರ್ಚೆ ಶುರು ಮಾಡಬೇಡಿ. ಅದರಲ್ಲಿ ಒಂದು ಕಂಪನಿಗೆ ಸಿಗುವ ಪಾಲು ಎಷ್ಟು ಅಂತ ಹೋಗಿ. 5% ಹಿಡಿದರೆ 30 ಕೋಟಿ, ದಿನಕ್ಕೆ 20 ಸಾವಿರ ಕ್ಯಾನ್. ಅದಕ್ಕೆ ನಿಮ್ಮದೇ ಗಾಡಿ ಲೆಕ್ಕದಂತೆ 115ರಷ್ಟು ಗಾಡಿ ಬೇಕು. ಮುಂದಿನ ಮಾತು ಗಾಡಿ, ಡ್ರೈವರ್, ಖಾಲಿ ಕ್ಯಾನ್ ವಾಪಸ್ ತರುವ ಖರ್ಚಿನ ಮೇಲೆ ನಡೆಯಲಿ.